ಕೂಪನ್‌ರಹಿತ ಬಾಂಡ್‌ಗಳ ಬೆಲೆ ಮತ್ತು ಸ್ಪಾಟ್ ದರಗಳ ಬೂಟ್‌ಸ್ಟ್ರ್ಯಾಪಿಂಗ್

ಕೂಪನ್‌ರಹಿತ ಬಾಂಡ್ ಅಥವಾ ಶೂನ್ಯ ಕೂಪನ್ ಬಾಂಡ್ ಎಂದರೆ ಅವಧಿಯ ನಡುವೆ ಯಾವ ಬಡ್ಡಿಯನ್ನೂ ನೀಡದೆ, ಮುಕ್ತಾಯದ ದಿನ ಮುಖಬೆಲೆಯನ್ನು ಮಾತ್ರ ಹಿಂದಿರುಗಿಸುವ ಸಾಲಪತ್ರ. ಇದನ್ನು ಮುಖಬೆಲೆಗಿಂತ ಕಡಿಮೆ ಬೆಲೆಗೆ ಕೊಳ್ಳಲಾಗುತ್ತದೆ. ಕೊಂಡ ಬೆಲೆಗೂ ಮುಖಬೆಲೆಗೂ ಇರುವ ಅಂತರವೇ ಹೂಡಿಕೆದಾರನ ಗಳಿಕೆ. ಈ ಬೆಲೆಯಿಂದ ದೊರೆಯುವ ವಾರ್ಷಿಕ ಬಡ್ಡಿದರವನ್ನು ಆ ಅವಧಿಯ ಸ್ಪಾಟ್ ದರ ಎನ್ನುತ್ತಾರೆ. ದೀರ್ಘಾವಧಿಯ ಸರ್ಕಾರಿ ಸಾಲಪತ್ರಗಳಲ್ಲಿ ಬಹುಪಾಲು ಕೂಪನ್ ನೀಡುವಂಥವು. ಆದ್ದರಿಂದ ದೀರ್ಘಾವಧಿಯ ಸ್ಪಾಟ್ ದರಗಳನ್ನು ಪೇಟೆಯಲ್ಲಿ ನೇರವಾಗಿ ಕಾಣಲಾಗುವುದಿಲ್ಲ. ಕೂಪನ್ ಬಾಂಡ್‌ಗಳ ಬೆಲೆಗಳಿಂದ ಅವುಗಳನ್ನು ಲೆಕ್ಕ ಹಾಕಿ ಹೊರತೆಗೆಯಬೇಕಾಗುತ್ತದೆ. ಕಡಿಮೆ ಅವಧಿಯಿಂದ ಆರಂಭಿಸಿ, ಪ್ರತಿ ಹಂತದ ಉತ್ತರವನ್ನು ಮುಂದಿನ ಹಂತಕ್ಕೆ ಬಳಸುತ್ತ ಸಾಗುವ ಈ ಕ್ರಮಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಎಂದು ಹೆಸರು.

## ಬೆಲೆಯ ಸೂತ್ರ

ಕೂಪನ್‌ರಹಿತ ಬಾಂಡ್‌ನಿಂದ ಬರುವುದು ಒಂದೇ ಹಣ, ಒಂದೇ ದಿನ. ಆದಕಾರಣ ಅದರ ಬೆಲೆಯ ಲೆಕ್ಕ ಚಕ್ರಬಡ್ಡಿಯ ಲೆಕ್ಕವನ್ನು ತಿರುಗಿಸಿದಂತೆ. ಭಾರತದ ಸರ್ಕಾರಿ ಸಾಲಪತ್ರಗಳಲ್ಲಿ ಬಡ್ಡಿಯನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ನೀಡುವುದರಿಂದ ದರಗಳನ್ನೂ ಅರ್ಧವಾರ್ಷಿಕ ಚಕ್ರಬಡ್ಡಿಯ ಆಧಾರದ ಮೇಲೆ ಹೇಳುವುದು ರೂಢಿ.

```
P = F / (1 + z/2)^(2t)
```

ಇಲ್ಲಿ P ಎಂಬುದು ಇಂದಿನ ಬೆಲೆ, F ಮುಖಬೆಲೆ, t ವರ್ಷಗಳಲ್ಲಿ ಹೇಳಿದ ಅವಧಿ, z ಆ ಅವಧಿಯ ಸ್ಪಾಟ್ ದರ. ಮುಖಬೆಲೆಯನ್ನು 1 ರೂಪಾಯಿ ಎಂದಿಟ್ಟುಕೊಂಡರೆ ದೊರೆಯುವ ಬೆಲೆಯನ್ನು ಸೋಡಿ ಗುಣಕ ಎಂದು ಕರೆಯಬಹುದು. ಮುಂದಿನ ಒಂದು ನಿರ್ದಿಷ್ಟ ದಿನ ಕೈಗೆ ಬರುವ ಒಂದು ರೂಪಾಯಿಗೆ ಇಂದು ತೆರಬೇಕಾದ ಬೆಲೆ ಎಂಬುದೇ ಇದರ ಅರ್ಥ. ಬೂಟ್‌ಸ್ಟ್ರ್ಯಾಪಿಂಗ್‌ನಲ್ಲಿ ಮೊದಲು ದೊರೆಯುವುದು ಈ ಗುಣಕಗಳು. ದರಗಳನ್ನು ಆಮೇಲೆ ಅವುಗಳಿಂದ ಪಡೆಯಲಾಗುತ್ತದೆ.

## ಭಾರತದಲ್ಲಿ ಕೂಪನ್‌ರಹಿತ ಪತ್ರಗಳು

ಕೇಂದ್ರ ಸರ್ಕಾರದ ಪರವಾಗಿ ಭಾರತೀಯ ರಿಸರ್ವ್ ಬ್ಯಾಂಕ್ ಹರಾಜು ಹಾಕುವ 91, 182 ಮತ್ತು 364 ದಿನಗಳ ಖಜಾನೆ ಹುಂಡಿಗಳು ಅತ್ಯಂತ ಪರಿಚಿತವಾದ ಕೂಪನ್‌ರಹಿತ ಪತ್ರಗಳು. ಇವುಗಳ ಅವಧಿ ಒಂದು ವರ್ಷವನ್ನು ದಾಟುವುದಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕೂಪನ್‌ರಹಿತ ಬಾಂಡ್‌ಗಳನ್ನು ಕೇಂದ್ರ ಸರ್ಕಾರವು 1994ರ ಜನವರಿಯಲ್ಲಿ ಹರಾಜಿನ ಮೂಲಕ ಬಿಡುಗಡೆ ಮಾಡಿತಾದರೂ ಸರ್ಕಾರದ ದೀರ್ಘಾವಧಿ ಸಾಲದ ಮುಖ್ಯ ಸಾಧನವಾಗಿ ಕೂಪನ್ ಬಾಂಡ್‌ಗಳೇ ಉಳಿದವು.

2010ರ ಏಪ್ರಿಲ್ 1ರಿಂದ ಸರ್ಕಾರಿ ಸಾಲಪತ್ರಗಳಲ್ಲಿ 'ಸ್ಟ್ರಿಪ್ಸ್' ವ್ಯವಸ್ಥೆ ಜಾರಿಗೆ ಬಂದಿತು. ಇದರಲ್ಲಿ ಒಂದು ಕೂಪನ್ ಬಾಂಡ್‌ನ ಪ್ರತಿಯೊಂದು ಬಡ್ಡಿ ಕಂತನ್ನೂ ಅಸಲನ್ನೂ ಬೇರ್ಪಡಿಸಿ, ಒಂದೊಂದನ್ನೂ ಸ್ವತಂತ್ರ ಕೂಪನ್‌ರಹಿತ ಪತ್ರವಾಗಿ ಮಾರಬಹುದು. ಬೇರ್ಪಡಿಸಿದ ತುಂಡುಗಳನ್ನೆಲ್ಲ ಒಟ್ಟುಗೂಡಿಸಿ ಮೂಲ ಬಾಂಡನ್ನು ಮರಳಿ ಪಡೆಯಲೂಬಹುದು. ಆರಂಭದಲ್ಲಿ ಜನವರಿ 2 ಮತ್ತು ಜುಲೈ 2ರಂದು ಬಡ್ಡಿ ನೀಡುವ ಸಾಲಪತ್ರಗಳನ್ನು ಇದಕ್ಕೆ ಆರಿಸಲಾಯಿತು. ಬೇರೆ ಬೇರೆ ಬಾಂಡ್‌ಗಳಿಂದ ಬಂದ ಕೂಪನ್ ತುಂಡುಗಳು ಒಂದೇ ದಿನ ಮುಕ್ತಾಯವಾದರೆ ಅವು ಒಂದೇ ಸರಕಾಗುತ್ತವೆ ಎಂಬುದು ಈ ಆಯ್ಕೆಯ ಅನುಕೂಲ.

## ಇಳುವರಿಗೂ ಸ್ಪಾಟ್ ದರಕ್ಕೂ ಇರುವ ವ್ಯತ್ಯಾಸ

ಕೂಪನ್ ಬಾಂಡ್‌ನ ಬೆಲೆಯ ಜೊತೆಗೆ ಪತ್ರಿಕೆಗಳಲ್ಲಿ ಕಾಣುವ 'ಇಳುವರಿ' ಎಂಬುದು ಆ ಬಾಂಡ್‌ನ ಎಲ್ಲ ಕಂತುಗಳಿಗೂ ಅನ್ವಯಿಸಿದ ಒಂದೇ ದರ. ಎರಡು ವರ್ಷದ ಬಾಂಡ್‌ನಿಂದ ಆರು ತಿಂಗಳಿಗೆ, ಒಂದು ವರ್ಷಕ್ಕೆ, ಒಂದೂವರೆ ವರ್ಷಕ್ಕೆ ಮತ್ತು ಎರಡು ವರ್ಷಕ್ಕೆ ಹಣ ಬರುತ್ತದೆ. ಈ ನಾಲ್ಕು ದಿನಗಳ ಹಣಕ್ಕೆ ಪೇಟೆಯಲ್ಲಿ ನಾಲ್ಕು ಬೇರೆ ಬೇರೆ ದರಗಳಿರುತ್ತವೆ. ಇಳುವರಿಯು ಈ ನಾಲ್ಕರ ಒಂದು ಬಗೆಯ ಸರಾಸರಿ. ಕೊನೆಯ ಕಂತಿನ ತೂಕ ಹೆಚ್ಚಾದುದರಿಂದ ಅದು ಎರಡು ವರ್ಷದ ದರಕ್ಕೆ ಸಮೀಪವಾಗಿರುತ್ತದೆ, ಆದರೆ ಅದೇ ಆಗಿರುವುದಿಲ್ಲ.

ಅವಧಿ ಹೆಚ್ಚಿದಂತೆ ದರಗಳೂ ಏರುವ ಪೇಟೆಯಲ್ಲಿ ಇಳುವರಿಯು ಅದೇ ಅವಧಿಯ ಸ್ಪಾಟ್ ದರಕ್ಕಿಂತ ಕೆಳಗಿರುತ್ತದೆ, ಏಕೆಂದರೆ ಮೊದಲ ಕಂತುಗಳ ಕಡಿಮೆ ದರಗಳು ಸರಾಸರಿಯನ್ನು ಕೆಳಗೆಳೆಯುತ್ತವೆ. ಆದುದರಿಂದ ಎರಡು ವರ್ಷದ ಕೂಪನ್ ಬಾಂಡ್‌ನ ಇಳುವರಿಯಿಂದ ಎರಡು ವರ್ಷದ ಕೂಪನ್‌ರಹಿತ ಬಾಂಡ್‌ಗೆ ಬೆಲೆ ಕಟ್ಟಿದರೆ, ಕೊಳ್ಳುವವನು ನ್ಯಾಯವಾದ ಬೆಲೆಗಿಂತ ಹೆಚ್ಚು ತೆರುತ್ತಾನೆ. ಈ ತಪ್ಪನ್ನು ನಿವಾರಿಸುವುದೇ ಬೂಟ್‌ಸ್ಟ್ರ್ಯಾಪಿಂಗ್‌ನ ಉದ್ದೇಶ.

## ವಿಧಾನ: ಒಂದು ಲೆಕ್ಕ

ಕೆಳಗಿನ ಬೆಲೆಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ಎಲ್ಲ ಪತ್ರಗಳ ಮುಖಬೆಲೆ 100 ರೂಪಾಯಿ. ಬಾಂಡ್‌ಗಳ ಹಿಂದಿನ ಕೂಪನ್ ಇಂದು ತಾನೇ ಪಾವತಿಯಾಗಿದೆ. 182 ಮತ್ತು 364 ದಿನಗಳನ್ನು ಸರಳತೆಗಾಗಿ ಅರ್ಧ ವರ್ಷ ಮತ್ತು ಒಂದು ವರ್ಷ ಎಂದು ಭಾವಿಸಿದೆ.

| ಪತ್ರ | ಅವಧಿ | ಬೆಲೆ (ರೂ.) |
|---|---|---|
| 182 ದಿನಗಳ ಖಜಾನೆ ಹುಂಡಿ | ಅರ್ಧ ವರ್ಷ | 98.30 |
| 364 ದಿನಗಳ ಖಜಾನೆ ಹುಂಡಿ | 1 ವರ್ಷ | 96.40 |
| ಶೇ 8ರ ಕೇಂದ್ರ ಸರ್ಕಾರಿ ಬಾಂಡ್ | 1.5 ವರ್ಷ | 105.90 |
| ಶೇ 7ರ ಕೇಂದ್ರ ಸರ್ಕಾರಿ ಬಾಂಡ್ | 2 ವರ್ಷ | 105.20 |

ಮೊದಲ ಎರಡು ಹಂತಗಳಲ್ಲಿ ಲೆಕ್ಕವೇನೂ ಇಲ್ಲ. ಹುಂಡಿಗಳು ಕೂಪನ್‌ರಹಿತವಾದುದರಿಂದ ಬೆಲೆಯನ್ನು ನೂರರಿಂದ ಭಾಗಿಸಿದರೆ ಗುಣಕ ದೊರೆಯುತ್ತದೆ. ಅರ್ಧ ವರ್ಷದ ಗುಣಕ 0.9830, ಒಂದು ವರ್ಷದ ಗುಣಕ 0.9640. ಇವುಗಳಿಂದ ದೊರೆಯುವ ಸ್ಪಾಟ್ ದರಗಳು ಕ್ರಮವಾಗಿ ಶೇ 3.46 ಮತ್ತು ಶೇ 3.70.

ಮೂರನೆಯ ಹಂತದಲ್ಲಿ ಬೂಟ್‌ಸ್ಟ್ರ್ಯಾಪಿಂಗ್ ಆರಂಭವಾಗುತ್ತದೆ. ಶೇ 8ರ ಬಾಂಡ್ ಆರು ತಿಂಗಳಿಗೊಮ್ಮೆ 4 ರೂಪಾಯಿ ನೀಡಿ, ಒಂದೂವರೆ ವರ್ಷದ ಕೊನೆಯಲ್ಲಿ 104 ರೂಪಾಯಿ ನೀಡುತ್ತದೆ. ಮೊದಲ ಎರಡು ಕೂಪನ್‌ಗಳ ಇಂದಿನ ಬೆಲೆ ಈಗಾಗಲೇ ತಿಳಿದಿದೆ. ಅವನ್ನು ಬಾಂಡ್‌ನ ಬೆಲೆಯಿಂದ ಕಳೆದರೆ ಉಳಿಯುವುದು ಕೊನೆಯ 104 ರೂಪಾಯಿಯ ಇಂದಿನ ಬೆಲೆ ಮಾತ್ರ.

```
4 × (0.9830 + 0.9640) = 7.788
105.90 − 7.788 = 98.112
98.112 / 104 = 0.9434
```

ಒಂದೂವರೆ ವರ್ಷದ ಗುಣಕ 0.9434. ಇದರ ವಿಲೋಮದ ಘನಮೂಲದಿಂದ ಆರು ತಿಂಗಳ ದರ ಶೇ 1.96 ಎಂದೂ, ವಾರ್ಷಿಕ ಸ್ಪಾಟ್ ದರ ಶೇ 3.92 ಎಂದೂ ದೊರೆಯುತ್ತದೆ.

ನಾಲ್ಕನೆಯ ಹಂತವೂ ಹೀಗೆಯೇ. ಶೇ 7ರ ಬಾಂಡ್‌ನ ಮೂರು ಕೂಪನ್‌ಗಳಿಗೆ ಗುಣಕಗಳು ಸಿದ್ಧವಾಗಿವೆ.

```
3.5 × (0.9830 + 0.9640 + 0.9434) = 10.116
105.20 − 10.116 = 95.084
95.084 / 103.5 = 0.9187
```

ಎರಡು ವರ್ಷದ ಗುಣಕ 0.9187, ಸ್ಪಾಟ್ ದರ ಶೇ 4.29. ಅಂದರೆ ಎರಡು ವರ್ಷದ ಕೂಪನ್‌ರಹಿತ ಬಾಂಡ್‌ನ ನ್ಯಾಯವಾದ ಬೆಲೆ 91.87 ರೂಪಾಯಿ. ಇದೇ ಶೇ 7ರ ಬಾಂಡ್‌ನ ಇಳುವರಿಯನ್ನು ಲೆಕ್ಕ ಹಾಕಿದರೆ ಶೇ 4.26 ಬರುತ್ತದೆ, ಆ ದರದಿಂದ ಕಟ್ಟಿದ ಬೆಲೆ ಸುಮಾರು 91.92. ನೂರು ರೂಪಾಯಿಗೆ ಐದು ಪೈಸೆಯ ಈ ಅಂತರ ಅಲ್ಪವಾಗಿ ಕಂಡರೂ, 100 ಕೋಟಿ ರೂಪಾಯಿ ಮುಖಬೆಲೆಯ ವ್ಯವಹಾರದಲ್ಲಿ ಅದು ನಾಲ್ಕೂವರೆ ಲಕ್ಷ ರೂಪಾಯಿಗೂ ಮಿಗಿಲು. ದರಗಳು ಹೀಗೆಯೇ ಏರುತ್ತ ಹೋದರೆ, ದೀರ್ಘಾವಧಿಯ ಬಾಂಡ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದಾಗುತ್ತದೆ.

## ಬೆಲೆಯನ್ನು ಹಿಡಿದಿಡುವ ಶಕ್ತಿ

ಲೆಕ್ಕದಿಂದ ಬಂದ ಬೆಲೆಯನ್ನು ಪೇಟೆಯು ಏಕೆ ಗೌರವಿಸಬೇಕು ಎಂಬ ಪ್ರಶ್ನೆಗೆ ಸ್ಟ್ರಿಪ್ಸ್ ವ್ಯವಸ್ಥೆಯಲ್ಲಿ ಉತ್ತರವಿದೆ. ಮೇಲಿನ ಶೇ 7ರ ಬಾಂಡನ್ನು ತುಂಡುಗಳಾಗಿ ಬೇರ್ಪಡಿಸಿದರೆ, ಮೊದಲ ಮೂರು ಕೂಪನ್‌ಗಳ ಬೆಲೆ 3.44, 3.37 ಮತ್ತು 3.30 ರೂಪಾಯಿ, ಕೊನೆಯ ಕೂಪನ್ ಮತ್ತು ಅಸಲು ಸೇರಿ 95.08. ಪೈಸೆಯ ಭಿನ್ನಗಳನ್ನು ಬಿಟ್ಟರೆ ಒಟ್ಟು ಮೊತ್ತ ಬಾಂಡ್‌ನ ಬೆಲೆಯಾದ 105.20ಕ್ಕೆ ಸಮವಾಗುತ್ತದೆ.

ತುಂಡುಗಳು ಒಟ್ಟಾಗಿ 105.60ಕ್ಕೆ ಮಾರಾಟವಾಗುವಂತಿದ್ದರೆ, ಬಾಂಡನ್ನು 105.20ಕ್ಕೆ ಕೊಂಡು ಬೇರ್ಪಡಿಸಿ ಮಾರುವವನಿಗೆ 40 ಪೈಸೆ ಲಾಭ. ತುಂಡುಗಳು 104.80ಕ್ಕೆ ಸಿಗುವಂತಿದ್ದರೆ, ಅವನ್ನು ಕೊಂಡು ಬಾಂಡ್ ಆಗಿ ಮರುಜೋಡಿಸಿ ಮಾರುವವನಿಗೆ ಅಷ್ಟೇ ಲಾಭ. ಇಂಥ ವ್ಯವಹಾರಗಳೇ ಎರಡು ಬೆಲೆಗಳನ್ನು ಸಮೀಪಕ್ಕೆ ತರುತ್ತವೆ. ಆದರೆ ಈ ಶಕ್ತಿಗೆ ಮಿತಿಯಿದೆ. ತುಂಡುಗಳನ್ನು ಕೊಳ್ಳುವವರು ವಿರಳವಾಗಿರುವ ದಿನ, ಲೆಕ್ಕದ ಬೆಲೆಗೆ ಮಾರಲು ಹೊರಟವನಿಗೆ ಗಿರಾಕಿ ಸಿಗದಿರಬಹುದು. ಲೆಕ್ಕಕ್ಕೂ ನಿಜವಾದ ಬೆಲೆಗೂ ನಡುವೆ ಅಷ್ಟರಮಟ್ಟಿನ ಅಂತರ ಉಳಿದುಬಿಡುತ್ತದೆ.

## ಕರ್ನಾಟಕ ಸರ್ಕಾರದ ಸಾಲಪತ್ರಗಳಿಗೆ ಅನ್ವಯ

ಕರ್ನಾಟಕ ಸರ್ಕಾರವು ಇತರ ರಾಜ್ಯಗಳಂತೆ ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನ ಮೂಲಕ ರಾಜ್ಯ ಅಭಿವೃದ್ಧಿ ಸಾಲಪತ್ರಗಳನ್ನು ಮಾರಿ ಸಾಲ ಎತ್ತುತ್ತದೆ. 2021ರ ನವೆಂಬರ್ 12ರಂದು ಆರಂಭವಾದ 'ರಿಟೇಲ್ ಡೈರೆಕ್ಟ್' ಯೋಜನೆಯಡಿ ಸಾಮಾನ್ಯ ನಾಗರಿಕರೂ ಖಜಾನೆ ಹುಂಡಿ, ಕೇಂದ್ರದ ಬಾಂಡ್ ಮತ್ತು ರಾಜ್ಯಗಳ ಸಾಲಪತ್ರಗಳನ್ನು ನೇರವಾಗಿ ಕೊಳ್ಳಬಹುದು. ಕೇಂದ್ರದ ಬಾಂಡ್‌ಗಳಿಗೆ ಹೋಲಿಸಿದರೆ ಒಂದೊಂದು ರಾಜ್ಯದ ಸಾಲಪತ್ರದ ಗಾತ್ರ ಚಿಕ್ಕದು, ವಹಿವಾಟು ವಿರಳ. ಬೇಕೆಂದಾಗ ಮಾರುವುದು ಅಷ್ಟು ಸುಲಭವಲ್ಲದ ಕಾರಣ ಹೂಡಿಕೆದಾರರು ಅವುಗಳಿಂದ ತುಸು ಹೆಚ್ಚಿನ ದರವನ್ನು ನಿರೀಕ್ಷಿಸುತ್ತಾರೆ.

ವಹಿವಾಟು ನಡೆಯದ ದಿನ ಅಂಥ ಪತ್ರಕ್ಕೆ ಬೆಲೆ ಕಟ್ಟಲು ಕೇಂದ್ರದ ಬಾಂಡ್‌ಗಳಿಂದ ಪಡೆದ ಸ್ಪಾಟ್ ದರಗಳು ನೆರವಾಗುತ್ತವೆ. ಎರಡು ವರ್ಷ ಬಾಕಿಯಿರುವ, ಶೇ 8ರ ಕೂಪನ್ ಉಳ್ಳ ಕರ್ನಾಟಕದ ಒಂದು ಸಾಲಪತ್ರವನ್ನು ಊಹಿಸಿಕೊಳ್ಳಬಹುದು. ಕೇಂದ್ರದ ಗುಣಕಗಳಿಂದಲೇ ಲೆಕ್ಕ ಹಾಕಿದರೆ ಅದರ ಬೆಲೆ 107.10 ರೂಪಾಯಿ. ರಾಜ್ಯದ ಪತ್ರಕ್ಕೆ ಶೇ 0.30ರಷ್ಟು ಹೆಚ್ಚುವರಿ ದರ ಬೇಕೆಂದು ಭಾವಿಸಿದರೆ, ನಾಲ್ಕೂ ಸ್ಪಾಟ್ ದರಗಳಿಗೆ ಅಷ್ಟನ್ನು ಕೂಡಿಸಿ ಗುಣಕಗಳನ್ನು ಮತ್ತೆ ಪಡೆಯಬೇಕು. ಹೀಗೆ ಬರುವ ಬೆಲೆ 106.51. ಎರಡರ ನಡುವಿನ 59 ಪೈಸೆ, ಪತ್ರವನ್ನು ಸುಲಭವಾಗಿ ಮಾರಲಾಗದ ತೊಡಕಿಗೆ ಹೂಡಿಕೆದಾರನು ಪಡೆಯುವ ಪರಿಹಾರವೆನ್ನಬಹುದು. ಹೆಚ್ಚುವರಿ ದರ ಎಷ್ಟೆಂಬುದನ್ನು ಬೂಟ್‌ಸ್ಟ್ರ್ಯಾಪಿಂಗ್ ಹೇಳುವುದಿಲ್ಲ. ಅದನ್ನು ಇತ್ತೀಚಿನ ಹರಾಜುಗಳ ಫಲಿತಾಂಶದಿಂದ ತಿಳಿಯಬೇಕಾಗುತ್ತದೆ.

## ದೋಷಗಳು ಮತ್ತು ಅವುಗಳ ಪತ್ತೆ

### ಹಳೆಯ ಬೆಲೆ

ಪ್ರತಿ ಹಂತವೂ ಹಿಂದಿನ ಹಂತಗಳನ್ನು ಆಧರಿಸಿರುವುದರಿಂದ ಒಂದು ತಪ್ಪು ಬೆಲೆ ಮುಂದಿನ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಒಂದೂವರೆ ವರ್ಷದ ಬಾಂಡ್ ಕೆಲವು ದಿನಗಳಿಂದ ಮಾರಾಟವಾಗಿಲ್ಲವೆಂದೂ, 105.90ರ ಬದಲು ಹಳೆಯ ಬೆಲೆಯಾದ 106.50 ಲೆಕ್ಕಕ್ಕೆ ಸೇರಿತೆಂದೂ ಭಾವಿಸಬಹುದು. ಆಗ ಒಂದೂವರೆ ವರ್ಷದ ಸ್ಪಾಟ್ ದರ ಶೇ 3.92ರಿಂದ ಶೇ 3.51ಕ್ಕೆ ಇಳಿಯುತ್ತದೆ, ಎರಡು ವರ್ಷದ ದರ ಶೇ 4.30 ಆಗುತ್ತದೆ. ಎರಡು ವರ್ಷದ ದರವನ್ನಷ್ಟೇ ನೋಡಿದವನಿಗೆ ತಪ್ಪಿನ ಸುಳಿವೇ ಸಿಗುವುದಿಲ್ಲ.

ಇಂಥ ದೋಷವನ್ನು ಬಯಲಿಗೆ ತರುವುದು ಫಾರ್ವರ್ಡ್ ದರ. ಇದು ಎರಡು ದಿನಗಳ ನಡುವಿನ ಅವಧಿಗೆ ಮಾತ್ರ ಸಂಬಂಧಿಸಿದ ದರ. ಒಂದು ಗುಣಕವನ್ನು ಅದರ ಮುಂದಿನ ಗುಣಕದಿಂದ ಭಾಗಿಸಿ ಪಡೆಯಬಹುದು. ಸರಿಯಾದ ಬೆಲೆಗಳಿದ್ದಾಗ ನಾಲ್ಕು ಅರ್ಧವರ್ಷಗಳ ಫಾರ್ವರ್ಡ್ ದರಗಳು ಶೇ 3.46, 3.94, 4.37 ಮತ್ತು 5.38 ಎಂದು ಕ್ರಮವಾಗಿ ಏರುತ್ತವೆ. ಹಳೆಯ ಬೆಲೆ ಸೇರಿದಾಗ ಮೂರನೆಯದು ಶೇ 3.13ಕ್ಕೆ ಕುಸಿದು, ನಾಲ್ಕನೆಯದು ಶೇ 6.68ಕ್ಕೆ ಜಿಗಿಯುತ್ತದೆ. ಪಕ್ಕಪಕ್ಕದ ಎರಡು ಅವಧಿಗಳಲ್ಲಿ ಕಾಣುವ ಇಂಥ ಹಳ್ಳ–ದಿಬ್ಬ, ನಡುವಿನ ಬಾಂಡ್‌ನ ಬೆಲೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂಬುದರ ಸೂಚನೆ.

### ಸಂಚಿತ ಬಡ್ಡಿಯ ಮರೆವು

ಪೇಟೆಯಲ್ಲಿ ಹೇಳುವ ಬಾಂಡ್ ಬೆಲೆಯಲ್ಲಿ ಹಿಂದಿನ ಕೂಪನ್ ದಿನದಿಂದ ಇಂದಿನವರೆಗೆ ಕೂಡಿದ ಬಡ್ಡಿ ಸೇರಿರುವುದಿಲ್ಲ. ಆದರೆ ಕೊಳ್ಳುವವನು ಅದನ್ನೂ ಸೇರಿಸಿಯೇ ಹಣ ತೆರಬೇಕು. ಬೂಟ್‌ಸ್ಟ್ರ್ಯಾಪಿಂಗ್‌ನಲ್ಲಿ ಬಳಸಬೇಕಾದದ್ದು ನಿಜವಾಗಿ ತೆರುವ ಪೂರ್ಣ ಬೆಲೆಯನ್ನೇ. ಶೇ 7ರ ಬಾಂಡ್‌ನ ಕೂಪನ್ ಪಾವತಿಯಾಗಿ ಮೂರು ತಿಂಗಳು ಕಳೆದಿದ್ದರೆ ಸಂಚಿತ ಬಡ್ಡಿ 1.75 ರೂಪಾಯಿ, ಇದನ್ನು ಮರೆತರೆ ಗುಣಕ ತೀರ ಕಡಿಮೆಯಾಗಿ, ಸ್ಪಾಟ್ ದರ ಹುಸಿಯಾಗಿ ಏರುತ್ತದೆ. ದಿನಗಳ ಎಣಿಕೆಯಲ್ಲೂ ಎಚ್ಚರ ಬೇಕು. ಭಾರತದಲ್ಲಿ ಸರ್ಕಾರಿ ಬಾಂಡ್‌ಗಳಿಗೆ ತಿಂಗಳಿಗೆ 30, ವರ್ಷಕ್ಕೆ 360 ದಿನಗಳ ಲೆಕ್ಕವಿದ್ದರೆ, ಖಜಾನೆ ಹುಂಡಿಗಳಿಗೆ ವಾಸ್ತವ ದಿನಗಳು ಮತ್ತು 365 ದಿನಗಳ ವರ್ಷ.

### ಬಿಟ್ಟುಹೋದ ಅವಧಿಗಳು

ಉದಾಹರಣೆಯಲ್ಲಿರುವಂತೆ ಆರಾರು ತಿಂಗಳಿಗೆ ಸರಿಯಾಗಿ ಒಂದೊಂದು ಬಾಂಡ್ ದೊರೆಯುವುದು ಅಪರೂಪ. ವಹಿವಾಟು ಕೆಲವೇ ಬಾಂಡ್‌ಗಳಲ್ಲಿ ಕೇಂದ್ರೀಕೃತವಾಗಿರುವುದರಿಂದ ನಡುವಿನ ಅವಧಿಗಳ ದರಗಳನ್ನು ಅಂದಾಜಿಸಿ ತುಂಬಬೇಕಾಗುತ್ತದೆ. ಹೀಗೆ ತುಂಬುವ ರೀತಿ ಬದಲಾದರೆ ಉತ್ತರವೂ ತುಸು ಬದಲಾಗುತ್ತದೆ. ಈ ತೊಡಕಿನಿಂದಾಗಿ ಬೆಲೆಗಳೆಲ್ಲವನ್ನೂ ಏಕಕಾಲಕ್ಕೆ ಪರಿಗಣಿಸಿ, ಅವುಗಳ ಸಮೀಪದಲ್ಲಿ ಹಾದುಹೋಗುವ ನಯವಾದ ರೇಖೆಯೊಂದನ್ನು ಹೊಂದಿಸುವ ನೆಲ್ಸನ್–ಸೀಗಲ್ ಮಾದರಿಯಂಥ ವಿಧಾನಗಳೂ ಬಳಕೆಯಲ್ಲಿವೆ. ಇವು ಒಂದು ತಪ್ಪು ಬೆಲೆಗೆ ಅಷ್ಟಾಗಿ ಅಲುಗುವುದಿಲ್ಲ. ಆದರೆ ಬೂಟ್‌ಸ್ಟ್ರ್ಯಾಪಿಂಗ್‌ನಂತೆ ಪ್ರತಿ ಬಾಂಡ್‌ನ ಬೆಲೆಯನ್ನು ಪೈಸೆಗೆ ಪೈಸೆ ಮರಳಿ ಕೊಡುವುದೂ ಇಲ್ಲ. ಭಾರತದಲ್ಲಿ ಸರ್ಕಾರಿ ಸಾಲಪತ್ರಗಳ ಮೌಲ್ಯಮಾಪನಕ್ಕೆ ಬೇಕಾದ ದರಗಳನ್ನು 2018ರ ಮಾರ್ಚ್ 31ರಿಂದ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆ ಪ್ರಕಟಿಸುತ್ತಿದೆ.

## ಬ್ಯಾಂಕ್‌ಗಳ ಮರುಬಂಡವಾಳ ಬಾಂಡ್‌ಗಳು

ಕೂಪನ್‌ರಹಿತ ಬಾಂಡ್‌ನ ಮುಖಬೆಲೆಗೂ ನಿಜವಾದ ಬೆಲೆಗೂ ಇರುವ ಅಂತರ ಭಾರತದಲ್ಲಿ ಸಾರ್ವಜನಿಕ ಚರ್ಚೆಯ ವಿಷಯವಾದದ್ದು 2020–21ರ ಆರ್ಥಿಕ ವರ್ಷದಲ್ಲಿ. ಕೇಂದ್ರ ಸರ್ಕಾರವು ಆ ವರ್ಷ ಪಂಜಾಬ್ ಅಂಡ್ ಸಿಂಧ್ ಬ್ಯಾಂಕ್‌ಗೆ 5,500 ಕೋಟಿ ರೂಪಾಯಿ ಬಂಡವಾಳವನ್ನು ಬಡ್ಡಿರಹಿತ ವಿಶೇಷ ಬಾಂಡ್‌ಗಳ ರೂಪದಲ್ಲಿ ನೀಡಿತು. 2021ರ ಮಾರ್ಚ್‌ನಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಬ್ಯಾಂಕ್ ಆಫ್ ಇಂಡಿಯಾ ಮತ್ತು ಯೂಕೋ ಬ್ಯಾಂಕ್‌ಗಳಿಗೆ ಒಟ್ಟು 14,500 ಕೋಟಿ ರೂಪಾಯಿ ಮೊತ್ತದ ಇಂಥ ಬಾಂಡ್‌ಗಳು ದೊರೆತವು. ಸಾಮಾನ್ಯ ಕೂಪನ್‌ರಹಿತ ಬಾಂಡ್‌ಗಳಂತೆ ಇವು ಸೋಡಿಯಲ್ಲಿ ಬಿಡುಗಡೆಯಾಗಲಿಲ್ಲ. ಬಡ್ಡಿಯಿಲ್ಲದಿದ್ದರೂ ಬ್ಯಾಂಕ್‌ಗಳು ಇವನ್ನು ಪೂರ್ಣ ಮುಖಬೆಲೆಗೇ ಪಡೆದವು.

ಇಂಥ ಬಾಂಡ್‌ಗೆ ಪೇಟೆಯ ಬೆಲೆಯಿಲ್ಲದ ಕಾರಣ ಅದರ ಮೌಲ್ಯವನ್ನು ಸ್ಪಾಟ್ ದರದಿಂದಲೇ ಅಳೆಯಬೇಕು. ಹತ್ತು ವರ್ಷದ ಸ್ಪಾಟ್ ದರ ಶೇ 6.5 ಎಂದು ಉದಾಹರಣೆಗೆ ಇಟ್ಟುಕೊಂಡರೆ, ನೂರು ರೂಪಾಯಿ ಮುಖಬೆಲೆಯ ಹತ್ತು ವರ್ಷದ ಬಾಂಡ್‌ನ ಇಂದಿನ ಬೆಲೆ 52.75 ರೂಪಾಯಿ.

```
100 / (1 + 0.065/2)^20 = 52.75
```

ಅವಧಿ ಹದಿನೈದು ವರ್ಷವಾಗಿ ದರ ಅಷ್ಟೇ ಇದ್ದರೆ ಬೆಲೆ 38.31ಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ 5,500 ಕೋಟಿ ಎಂದು ಬರೆದ ಬಂಡವಾಳ, ಹತ್ತು ವರ್ಷದ ಲೆಕ್ಕದಲ್ಲಿ ನೋಡಿದರೂ ಸುಮಾರು 2,900 ಕೋಟಿ ರೂಪಾಯಿಗಷ್ಟೇ ಸಮ. ಬ್ಯಾಂಕ್‌ನ ಬಂಡವಾಳವು ಸಾಲ ಮುಳುಗಿದಾಗ ಠೇವಣಿದಾರರ ಹಣಕ್ಕೆ ಅಡ್ಡ ನಿಲ್ಲುವ ಮೊತ್ತ. ಆದ್ದರಿಂದ ಅದನ್ನು ಮುಖಬೆಲೆಯಲ್ಲಿ ಎಣಿಸಬೇಕೆ, ಇಂದಿನ ಮೌಲ್ಯದಲ್ಲಿ ಎಣಿಸಬೇಕೆ ಎಂಬುದು ಕೇವಲ ಲೆಕ್ಕಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಈ ಬಗೆಯ ಬಾಂಡ್‌ನಿಂದ ಬರುವ ಬಂಡವಾಳದ ನೈಜ ಪ್ರಮಾಣದ ಕುರಿತು ರಿಸರ್ವ್ ಬ್ಯಾಂಕ್ ಆತಂಕ ವ್ಯಕ್ತಪಡಿಸಿದುದಾಗಿ ಅಂದು ಪತ್ರಿಕೆಗಳು ವರದಿ ಮಾಡಿದ್ದವು.